ವಲ್ಲಿಯ ಕೆಳಗೆ ಬಜೆಟ್

ಹರಿಹರದ ಹಯಾತ್ ಸಾಬರಿಗೆ ಸರ್ಕಾರದ ಬಜೆಟ್ಟಿಗಿಂತ ಹೆಂಡತಿಯ ಹೆದರಿಕೆ ಹೆಚ್ಚು. ಸಾವಿರದ ಒಂಬೈನೂರ ಅರವತ್ತಮೂರರ ಫೆಬ್ರವರಿ ಇಪ್ಪತ್ತೆಂಟರ ಗುರುವಾರ ಅವರು ಮಧ್ಯಾಹ್ನದ ಬಸ್ಸು ಹತ್ತಿ ದಾವಣಗೆರೆಗೆ ಬಂದದ್ದು ಆ ಹೆದರಿಕೆಯಿಂದಲೇ ಹೊರತು ವ್ಯಾಪಾರದ ಬುದ್ಧಿಯಿಂದಲ್ಲ.

ಸಾಬರದು ನಟ್ಟು, ಬೋಲ್ಟು, ಮಷಿನ್ ಬೆಲ್ಟು, ಗ್ರೀಸು ಮಾರುವ ಅಂಗಡಿ. ಬಾಡಿಗೆಯ ಮಳಿಗೆ. ಮಳಿಗೆಯ ಒಡೆಯ ಅದನ್ನು ಮಾರಲು ಹೊರಟಿದ್ದ. ಹಳೇ ಬಾಡಿಗೆದಾರರೆಂಬ ದಾಕ್ಷಿಣ್ಯಕ್ಕೆ ಐದು ಸಾವಿರ ರೂಪಾಯಿಗೆ ಸಾಬರಿಗೇ ಕೊಡುವುದಾಗಿ ಹೇಳಿ, ಮರುದಿನ ಶುಕ್ರವಾರ ಮಧ್ಯಾಹ್ನದ ತನಕ ಗಡುವು ಕೊಟ್ಟಿದ್ದ. ಅಷ್ಟರೊಳಗೆ ಹಣ ಬಾರದಿದ್ದರೆ ರಾಣೆಬೆನ್ನೂರಿನ ಬಟ್ಟೆ ವ್ಯಾಪಾರಿಯೊಬ್ಬ ಕೊಳ್ಳಲು ತಯಾರಿದ್ದ. ಬಟ್ಟೆಯವನು ಬಂದರೆ ಸಾಬರ ನಟ್ಟು ಬೋಲ್ಟು ರಸ್ತೆಗೆ ಬೀಳುತ್ತಿದ್ದವು.

ಸಾಬರ ಕೈಯಲ್ಲಿ ನಗದು ಇರಲಿಲ್ಲ. ಇದ್ದದ್ದು ಬೆಂಗಳೂರಿನ ಶರಾವತಿ ಎಂಜಿನಿಯರಿಂಗ್ ಕಂಪನಿಯ ಇನ್ನೂರು ಷೇರು. ಲೇತು, ಡ್ರಿಲ್ಲು ಮಾಡುವ ಚಿಕ್ಕ ಕಂಪನಿ ಅದು. ಹಾಕಿದ ಬಂಡವಾಳ ಸಣ್ಣದು, ಬರುವ ಲಾಭ ದೊಡ್ಡದು. ಹತ್ತು ರೂಪಾಯಿಯ ಷೇರು ಆ ದಿನ ಇಪ್ಪತ್ತಾರಕ್ಕೆ ನಡೆಯುತ್ತಿತ್ತು. ಸಾಬರಿಗೆ ಇನ್ನೂ ಕಾಯಬೇಕೆಂದು ಆಸೆ. ಹೆಂಡತಿ ಇಮಾಂಬೀಗೆ ಕಾಯುವುದೆಂದರೆ ಆಗದು.

"ಇಪ್ಪತ್ತಾರಕ್ಕೆ ಮಾರಿದ್ರೆ ಮಳಿಗೆ ಬರತೈತೋ ಇಲ್ಲೋ?" ಎಂದು ಕೇಳಿದ್ದಳು.

"ಬರತೈತೆ. ಆದ್ರ ಬಜೆಟ್ ಆದ್ಮೇಲೆ ಮೂವತ್ತಕ್ಕೆ ಹೋಗಬಹುದು."

"ಮೂವತ್ತು ತಗೊಂಡು ರಸ್ತೆ ಮ್ಯಾಲೆ ಕೂಡ್ತೀರೇನು? ಇವತ್ತು ಮಾರಿ ಬರ್ರಿ. ಮಾರದೆ ಬರಬ್ಯಾಡ್ರಿ."

ಸಹಿ ಹಾಕಿದ ವರ್ಗಾವಣೆ ಕಾಗದವನ್ನೂ ಷೇರು ಪತ್ರಗಳನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡು ಸಾಬರು ವಾಮದೇವಪ್ಪನವರನ್ನು ಹುಡುಕಿಕೊಂಡು ಬಂದರು.

ವಾಮದೇವಪ್ಪ ಮೂಲತಃ ಹತ್ತಿಯ ದಲಾಲರು. ಈಚೆಗೆ ಷೇರಿನ ದಲಾಲಿಯನ್ನೂ ಹಚ್ಚಿಕೊಂಡಿದ್ದರು. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ ದರ ಕೇಳುವುದು, ಊರಿನವರ ಷೇರು ಅಲ್ಲಿ ಮಾರಿಸುವುದು, ಕೊಡಿಸುವುದು ಅವರ ಕೆಲಸ. ಷೇರು ಹೊಸ ವ್ಯಾಪಾರವಾದರೂ ಅದನ್ನು ನಡೆಸುವ ರೀತಿ ಹತ್ತಿ ಬಜಾರಿನದೇ. ಹೆಗಲ ಮೇಲಿನ ವಲ್ಲಿಯನ್ನು ಹಾಸಿ, ಅದರ ಕೆಳಗೆ ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು, ಬೆರಳು ಒತ್ತಿ ದರ ಹೇಳಬೇಕು. ಮುಷ್ಟಿ ಹಿಡಿದರೆ ಬಜಾರಿನ ದರ. ಒಂದು ಬೆರಳು ಒತ್ತಿದರೆ ಅದರ ಮೇಲೆ ಒಂದು ರೂಪಾಯಿ. ಇಷ್ಟವಿಲ್ಲದವನು ಕೈ ಎಳೆದುಕೊಂಡರೆ ವ್ಯಾಪಾರ ಮುರಿಯಿತು. ಕೈ ಒಳಗಿರುವಾಗ ಬಾಯಿ ಏನು ಬೇಕಾದರೂ ಹೇಳಬಹುದು. ಅದು ಸುತ್ತ ನಿಂತವರ ಕಿವಿಗೆ. ಮಾರುವವನು ತನ್ನ ಹತ್ತಿ ಕೊಳೆತಿದೆ ಎಂದು ಅತ್ತರೂ ಸರಿಯೇ, ಅವನಿಗೆ ಹೆಚ್ಚು ಕೊಡುವ ಬೇರೆ ಗಿರಾಕಿ ಸಿಕ್ಕಿದ್ದಾನೆ, ಈ ವ್ಯಾಪಾರ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ. ಕಣ್ಣೀರು ನಂಬಿ ಕೆಟ್ಟವರು ಆ ಬಜಾರಿನಲ್ಲಿ ಬಹಳ ಮಂದಿ. ಹಾಗಾಗಿ ಅಲ್ಲಿ ಈಗ ಯಾರೂ ಕಣ್ಣೀರು ನಂಬುವುದಿಲ್ಲ.

ಅಂದು ಸಂಜೆ ಇಬ್ಬರೂ ಮಸೀದಿಯ ಪಕ್ಕದ ಗುಡ್ಡಪ್ಪನ ಹೋಟೆಲಿನಲ್ಲಿ ಕೂತರು. ಬಜಾರಿನಲ್ಲಿ ದೊಡ್ಡ ರೇಡಿಯೋ ಇದ್ದದ್ದು ಅಲ್ಲಿ. ವಾರ್ತೆಯ ಹೊತ್ತಿಗೆ ಅರ್ಧ ಬಜಾರು ಅಲ್ಲಿ ನೆರೆದಿತ್ತು. ಸೀಮೆಎಣ್ಣೆ ವ್ಯಾಪಾರಿಗಳೂ ಇದ್ದರು. ಬಜೆಟ್ಟಿನಲ್ಲಿ ಎಣ್ಣೆಗೆ ಸುಂಕ ಏರುತ್ತದೆಂದು ಅವರು ಮಧ್ಯಾಹ್ನದಿಂದಲೇ ಸ್ಟಾಕ್ ಇಲ್ಲ ಎನ್ನುತ್ತ, ಡಬ್ಬಿಗಳನ್ನು ಹಿಂದಿನ ಕೋಣೆಗೆ ಸಾಗಿಸಿ, ದೇಶದ ಹಿತಚಿಂತನೆಯ ಮುಖ ಮಾಡಿಕೊಂಡು ಚಹಾ ಕುಡಿಯುತ್ತಿದ್ದರು.

ವಾರ್ತೆ ಶುರುವಾಯಿತು. ಚೀನಾ ಯುದ್ಧ ಮುಗಿದು ಮೂರು ತಿಂಗಳಾಗಿತ್ತಷ್ಟೆ. ರಕ್ಷಣೆಗೆ ಎಂಟುನೂರ ಅರವತ್ತೇಳು ಕೋಟಿ ರೂಪಾಯಿ ಎಂದು ರೇಡಿಯೋ ಹೇಳಿತು. ಹಿಂದಿನ ವರ್ಷ ಮೊದಲು ಗೊತ್ತುಮಾಡಿದ್ದಕ್ಕಿಂತ ಇಮ್ಮಡಿಗೂ ಮಿಕ್ಕಿತ್ತು.

ವಾಮದೇವಪ್ಪ ತೊಡೆ ತಟ್ಟಿಕೊಂಡರು. "ನೋಡ್ರಿ ಸಾಬ್ರೆ! ಬಂದೂಕು ಮಾಡಬೇಕಂದ್ರ ಏನ್ ಬೇಕು? ಲೇತು ಬೇಕು. ಲೇತು ಯಾರು ಮಾಡ್ತಾರ? ನಿಮ್ಮ ಶರಾವತಿ! ಬೆಂಗಳೂರಿಗೆ ಯಾಕ ಕಳಿಸೋದು, ನಾನೇ ತಗೋತೀನಿ, ರೊಕ್ಕ ಇವತ್ತೇ."

"ಹೊಸ ತೆರಿಗೆಗಳ ವಿಷಯಕ್ಕೆ ಬರುವುದಾದರೆ..." ಎಂದು ರೇಡಿಯೋ ಮುಂದುವರಿಸಿತು. ಅದೇ ಹೊತ್ತಿಗೆ ಮಸೀದಿಯಿಂದ ಆಜಾನ್ ಕೇಳಿತು. ಗುಡ್ಡಪ್ಪ ಕೈ ಚಾಚಿ ರೇಡಿಯೋ ಆರಿಸಿದ. ಆಜಾನ್ ಆಗುವಾಗ ರೇಡಿಯೋ ಬಂದ್ ಮಾಡುವುದು ಅವನ ತಂದೆಯ ಕಾಲದಿಂದ ಬಂದ ರಿವಾಜು. ಯಾರೂ ಆಕ್ಷೇಪಿಸಲಿಲ್ಲ. ಆಮೇಲೆ ಮತ್ತೆ ಹಚ್ಚಿದಾಗ ಹಳೆಯ ರೇಡಿಯೋ ಕಾದು ದನಿ ಬರುವಷ್ಟರಲ್ಲಿ ವಾರ್ತೆ ಮುಗಿದು ಯಾರೋ ವೀಣೆ ನುಡಿಸುತ್ತಿದ್ದರು. ಬಜಾರಿನ ಪಾಲಿಗೆ ಆ ವರ್ಷದ ಬಜೆಟ್ಟಿನಲ್ಲಿ ಖರ್ಚು ಮಾತ್ರ ಇತ್ತು, ತೆರಿಗೆ ಇರಲಿಲ್ಲ.

ಸಾಬರು ನಮಾಜಿಗೆ ಹೋದರು. ನಮಾಜು ಮುಗಿಸಿ ಚಪ್ಪಲಿ ಮೆಟ್ಟುವಾಗ ಅಮೀರ್ ಜಾನ್ ಸಿಕ್ಕ. ಅವನು ಒಂದು ಬಟ್ಟೆ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಮಿಲ್ಲಿನ ಮ್ಯಾನೇಜರಿಗೆ ಮುಂಬಯಿಯಿಂದ ಟ್ರಂಕ್ ಕಾಲ್ ಬಂದಾಗ ಪಕ್ಕದಲ್ಲೇ ನಿಂತಿದ್ದನಂತೆ.

"ಚಾಚಾ, ಹೊಸಾ ತೆರಿಗಿ ಬಂದೈತೆ. ಸೂಪರ್ ಪ್ರಾಫಿಟ್ಸ್ ಅಂತ. ಕಂಪನಿ ಇನ್‌ಕಂ ಟ್ಯಾಕ್ಸ್ ಕಟ್ಟಿದ ಮ್ಯಾಲೆ ಉಳಿದ ಲಾಭ, ಬಂಡವಾಳ ಮತ್ತು ಕೂಡಿಟ್ಟ ನಿಧಿಗೆ ನೂರಕ್ಕೆ ಆರರ ಮ್ಯಾಲೆ ಹೋದ್ರ, ಮಿಕ್ಕಿದ್ದರಾಗ ಅರ್ಧಕ್ಕೂ ಹೆಚ್ಚು ಸರ್ಕಾರಕ್ಕ."

"ಮಿಲ್ಲಿಗೂ?"

"ನಮ್ಮ ಮಿಲ್ಲಿನಾಗ ಆರು ದಾಟೋ ಲಾಭ ಎಲ್ಲೈತೆ? ಸಣ್ಣ ಬಂಡವಾಳ, ದೊಡ್ಡ ಲಾಭ ಇರೋರಿಗೆ ಪೆಟ್ಟು."

ಸಾಬರಿಗೆ ಶರಾವತಿ ಕಂಪನಿಯ ಹೆಸರನ್ನು ಬೇರೆ ಯಾರೂ ಹೇಳಬೇಕಾಗಲಿಲ್ಲ. ಆರ್ಡರು ಬರುತ್ತದೆ, ಹಗಲೂ ರಾತ್ರಿ ಲೇತು ತಯಾರಾಗುತ್ತದೆ, ಲಾಭ ಬೆಳೆಯುತ್ತದೆ, ಬೆಳೆದದ್ದರಲ್ಲಿ ಹೆಚ್ಚಿನ ಪಾಲು ದಿಲ್ಲಿಗೆ ಹೋಗುತ್ತದೆ. ಷೇರುದಾರನಿಗೆ ಉಳಿಯುವುದು ಕಾರ್ಖಾನೆಯ ಸದ್ದು. ಬೆಳಗಾದರೆ ದರ ಬೀಳುತ್ತದೆ. ಹೋಟೆಲಿನಲ್ಲಿ ಕೂತ ವಾಮದೇವಪ್ಪನವರಿಗೆ ಅದು ಗೊತ್ತಿಲ್ಲ. ಹೇಳಿದರೆ ಮಳಿಗೆ ಹೋಯಿತು. ಹೇಳದಿದ್ದರೆ? ಆಗತಾನೇ ದೇವರ ಮುಂದೆ ಹಣೆ ಊರಿ ಬಂದಿದ್ದರು. ಹೇಳಿಯೇ ಬಿಡುತ್ತೇನೆ ಎಂದು ನಿಶ್ಚಯಿಸಿ ಹೋಟೆಲಿಗೆ ಬಂದರು.

ವಾಮದೇವಪ್ಪ ವಲ್ಲಿ ಹಾಸಿಕೊಂಡೇ ಕೂತಿದ್ದರು. ಈ ಷೇರನ್ನು ಬೆಂಗಳೂರಿಗೆ ಕಳಿಸದೆ ತಾವೇ ಇಟ್ಟುಕೊಳ್ಳುವುದಾಗಿ ಆಗಲೇ ನಾಲ್ಕು ಜನರ ಮುಂದೆ ಹೇಳಿಯೂ ಆಗಿತ್ತು. ಸಾಬರನ್ನು ಕಂಡದ್ದೇ ವಲ್ಲಿಯ ಅಂಚು ಎತ್ತಿದರು. ಬಜಾರಿನಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ ಅಭ್ಯಾಸ, ಸಾಬರ ಕೈ ತಾನಾಗಿ ಒಳಗೆ ಹೋಯಿತು. ಅಲ್ಲಿ ಮುಷ್ಟಿ ಸಿಕ್ಕಿತು. ಇಪ್ಪತ್ತಾರು.

"ಸಾವ್ಕಾರ್ರೆ, ತಗೋಬ್ಯಾಡ್ರಿ. ಲಾಭದ ಮ್ಯಾಲೆ ಹೊಸಾ ತೆರಿಗಿ ಹಾಕ್ಯಾರೆ. ನಾಳೆ ಈ ಷೇರು ಬೀಳತೈತೆ."

ವಾಮದೇವಪ್ಪ ಮುಗುಳ್ನಕ್ಕರು. ವಲ್ಲಿಯ ಕೆಳಗೆ ಒಂದು ಬೆರಳು ಒತ್ತಿತು. ಇಪ್ಪತ್ತೇಳು.

"ಖುದಾ ಕಸಮ್! ಮಿಲ್ಲಿಗೆ ಮುಂಬಯಿಂದ ಫೋನ್ ಬಂದಿತ್ತಂತೆ. ಸಣ್ಣ ಬಂಡವಾಳದ ಕಂಪನಿಗೇ ಪೆಟ್ಟಂತೆ."

"ಆಹಾ, ಹೌದೇನ್ರಿ? ಪಾಪ," ಎಂದರು ವಾಮದೇವಪ್ಪ, ಸುತ್ತ ನಿಂತವರ ಕಡೆ ಕಣ್ಣು ಮಿಟುಕಿಸಿ. ಮಸೀದಿಯಲ್ಲಿ ಯಾರೋ ಹೆಚ್ಚಿನ ದರದ ಗಿರಾಕಿ ಸಿಕ್ಕಿದ್ದಾನೆಂಬುದು ಅವರಿಗೆ ಖಾತ್ರಿಯಾಗಿತ್ತು. ಎರಡನೇ ಬೆರಳು ಒತ್ತಿತು. ಇಪ್ಪತ್ತೆಂಟು.

ಸಾಬರ ಕೈ ವಲ್ಲಿಯ ಕೆಳಗೇ ಇತ್ತು. ಬಾಯಿ ಮತ್ತೆ ತೆರೆಯಿತು. "ನಾನು ಹೇಳಿದ್ದೀನಿ ನೋಡ್ರಿ. ಆಮೇಲೆ ಹೇಳ್ಲಿಲ್ಲ ಅನ್ನಬ್ಯಾಡ್ರಿ."

"ಎಲ್ಲಾ ಕೇಳಿಸ್ಕೊಂಡೀನಿ. ಮುಗಿಸ್ರಿ ಈಗ!"

ಸಾಬರ ಬೆರಳುಗಳು ಆ ಎರಡು ಬೆರಳನ್ನು ಒತ್ತಿ ಒಪ್ಪಿದವು. ಗುಡ್ಡಪ್ಪ ಎಲ್ಲರಿಗೂ ಚಹಾ ಕೊಟ್ಟ. ಷೇರಿನ ಹಣದ ಜೊತೆ ಚಹಾದ ದುಡ್ಡನ್ನೂ ವಾಮದೇವಪ್ಪನವರೇ ಕೊಟ್ಟರು.

ಶುಕ್ರವಾರ ಮಧ್ಯಾಹ್ನಕ್ಕೆ ಮುಂಚೆ ಮಳಿಗೆ ಸಾಬರದಾಯಿತು. ಅದೇ ಮಧ್ಯಾಹ್ನ ಬೆಂಗಳೂರಿನಿಂದ ತಂತಿ ಬಂತು. ಶರಾವತಿ ಇಪ್ಪತ್ತೆರಡಂತೆ, ಆ ದರಕ್ಕೂ ಕೊಳ್ಳುವವರಿಲ್ಲವಂತೆ. ಚಿಕ್ಕ ಬಂಡವಾಳದ ಎಂಜಿನಿಯರಿಂಗ್ ಕಂಪನಿಗಳೆಲ್ಲ ಹಾಗೇ ನೆಲಕಚ್ಚಿದ್ದವು. ಆ ತೆರಿಗೆ ತಟ್ಟದ ಬಟ್ಟೆ ಮಿಲ್ಲುಗಳ ಷೇರುಗಳೂ ಒಂದಿಷ್ಟು ಜಾರಿದ್ದವು. ಒಂದು ಕಡೆ ಕಳೆದುಕೊಂಡವರು ಸಾಲ ತೀರಿಸಲು ಇನ್ನೊಂದು ಕಡೆ ಇದ್ದದ್ದನ್ನು ಮಾರಲೇಬೇಕಲ್ಲ. ಸೀಮೆಎಣ್ಣೆಯ ಸುಂಕ ನಿಜವಾಗಿಯೂ ಏರಿತ್ತು. ಹಿಂದಿನ ಕೋಣೆಯ ಡಬ್ಬಿಗಳು ಹೊಸ ದರದೊಂದಿಗೆ ಮುಂದಕ್ಕೆ ಬಂದವು. ಆ ದಿನ ದಾವಣಗೆರೆಯಲ್ಲಿ ನಗುತ್ತಿದ್ದವರು ಎಣ್ಣೆಯವರು ಮಾತ್ರ.

ಭಾನುವಾರ ವಾಮದೇವಪ್ಪ ಹರಿಹರಕ್ಕೆ ಬಂದರು. ಸಾಬರು ಮಳಿಗೆಯ ಬಾಗಿಲಿಗೆ ಹಸಿರು ಬಣ್ಣ ಹೊಡೆಸುತ್ತಿದ್ದರು. ಅವರನ್ನು ಕಂಡು ಸಾಬರು ಕೈಯಲ್ಲಿದ್ದ ಬಣ್ಣದ ಡಬ್ಬಿ ಕೆಳಗಿಟ್ಟರು. ಇಮಾಂಬೀ ಒಳಗಿನಿಂದ ಸ್ಟೂಲು ತಂದಿಟ್ಟಳು.

"ಕೂಡ್ರಿ ಅಣ್ಣಾರೆ. ಚಾ ತರ್ತೀನಿ."

ವಾಮದೇವಪ್ಪ ಕೂತರು.

"ಜಗಳಕ್ಕ ಬಂದಿಲ್ಲ ಸಾಬ್ರೆ. ವ್ಯಾಪಾರ ಮುಗಿದೈತೆ. ನೀವು ಬಾಯಿ ತುಂಬಾ ಹೇಳಿದ್ರಿ, ನಾಲ್ಕು ಮಂದಿ ಸಾಕ್ಷಿ ಅದಾರ. ಒಂದೇ ಕೇಳ್ಬೇಕಾಗಿತ್ತು. ನಿಜಾನೇ ಆಗಿದ್ರ, ಕೈ ಯಾಕ ಎಳಕೊಳ್ಳಲಿಲ್ಲ? ಎಳಕೊಂಡಿದ್ರ ನನಗ ಗೊತ್ತಾಗ್ತಿತ್ತು."

ಬಣ್ಣದವನು ಮುಂದಿನ ಹಲಗೆಗೆ ಹೋದ. ಒಳಗೆ ಪಾತ್ರೆಯ ಸದ್ದು ನಿಂತಿತು.

"ಆ ಎರಡು ಬೆರಳಿನ ನಾಕ್ನೂರು ವಾಪಸ್ ಕೊಡ್ತೀನಿ," ಎಂದರು ಸಾಬರು.

"ಬ್ಯಾಡ. ಕೇಳಿದ್ದಕ್ಕ ಹೇಳ್ರಿ."

ಸಾಬರು ಬಣ್ಣ ಹತ್ತಿದ ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

"ಎಳಕೋಬೇಕಂತಲೇ ಬಂದಿದ್ದೆ ಸಾವ್ಕಾರ್ರೆ. ಮೊದಲ ಸಲ ಹೇಳಿದಾಗ, ನೀವು ನಂಬಲಿ ಅಂತಲೇ ಹೇಳಿದ್ದು. ನೀವು ನಕ್ರಿ, ಬೆರಳು ಒತ್ತಿದ್ರಿ. ಎರಡನೇ ಸಲ ಹೇಳೋವಾಗ... ನೀವು ನಂಬಬಾರದು ಅಂತ ಬೇಡ್ಕೋತಾ ಹೇಳಿದೆ."

ಇಮಾಂಬೀ ಚಹಾ ತಂದಳು. ವಾಮದೇವಪ್ಪ ಬಸಿಗೆ ಸುರುವಿಕೊಂಡು ಆತುರವಿಲ್ಲದೆ ಕುಡಿದು, ಕಪ್ಪನ್ನೂ ಬಸಿಯನ್ನೂ ಅವಳ ಕೈಗೇ ಕೊಟ್ಟು ಎದ್ದರು.

"ಈ ಮಾತು ಅವತ್ತು ಹೇಳಿದ್ರ," ಎಂದರು, "ನಂಬ್ತಿದ್ದೆ."