ಸದ್ದಿಲ್ಲದ ಟ್ರಂಪೆಟ್

ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದವನನ್ನು ಬೀದಿಯವರೆಲ್ಲ ಪೋಂಪೋಂ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು, ಊರಿಗೆಲ್ಲ ಟೈಲರಕ್ಕ. ಅವಳ ಕತ್ತರಿಗಿಂತ ನಾಲಿಗೆಯೇ ಹರಿತ ಎಂಬುದನ್ನು ರವಿಕೆ ತಡವಾಯಿತೆಂದು ಜಗಳಕ್ಕೆ ಹೋದವರೆಲ್ಲ ಒಪ್ಪುತ್ತಿದ್ದರು.

ಒಂದು ಮಧ್ಯಾಹ್ನ ತಿರುವಿನಲ್ಲಿ ವೇಗ ತಗ್ಗಿಸದೆ ಬಂದ ನೀರಿನ ಟ್ಯಾಂಕರೊಂದು ಪೋಂಪೋಂನ ಸೈಕಲ್ಲಿಗೆ ಗುದ್ದಿತು. ಕೈಕಾಲು ಉಳಿದವು. ಮುಂದಿನ ಹಲ್ಲುಗಳು ಹೋದವು, ಮೇಲ್ದುಟಿ ಸೀಳಿ ಹೊಲಿಗೆ ಬಿತ್ತು. ಆ ಹೊಲಿಗೆ ನೋಡಿ ಟೈಲರಕ್ಕ, "ನಾನು ಹಾಕಿದ್ರೂ ಇದಕ್ಕಿಂತ ನೇರ ಹಾಕ್ತಿದ್ದೆ" ಎನ್ನುತ್ತಲೇ ಅತ್ತಳು. ಹಲ್ಲು ಕಟ್ಟಿಸಿದ್ದಾಯಿತು. ತುಟಿಯ ನರ ಮಾತ್ರ ಮರಳಲಿಲ್ಲ. ಊದಿದರೆ ಗಾಳಿ ಪಕ್ಕಕ್ಕೆ ಸೋರುತ್ತಿತ್ತು.

ಟ್ಯಾಂಕರಿನ ಮಾಲೀಕ ಆಸ್ಪತ್ರೆಗೆ ಬಂದಿದ್ದ, ಕೈಯಲ್ಲಿ ನಾಲ್ಕು ಕಿತ್ತಳೆ. ಹಲ್ಲಿಲ್ಲದವನ ಮಡಿಲಿಗೆ ಅವನ್ನು ಇಟ್ಟು, ಟೈಲರಕ್ಕನ ಕಡೆ ತಿರುಗಿ, "ಚಿಂತೆ ಬೇಡಮ್ಮ, ಗಾಡಿಗೆ ಇನ್ಶೂರೆನ್ಸ್ ಇದೆ. ಎಲ್ಲಾ ಅವರೇ ನೋಡ್ಕೋತಾರೆ" ಎಂದ. ಆಮೇಲೆ ಫೋನು ಎತ್ತಲಿಲ್ಲ.

ಇನ್ಶೂರೆನ್ಸ್ ಕಂಪನಿಯೂ ನೋಡಿಕೊಂಡಿತು, ದೂರದಿಂದ. ಹಾಗಾಗಿ ಟೈಲರಕ್ಕ ವಕೀಲರಮ್ಮ ಒಬ್ಬರನ್ನು ಹುಡುಕಿ, ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅರ್ಜಿ ಹಾಕಿಸಿದಳು. ಡ್ರೈವರ್, ಮಾಲೀಕ, ಕಂಪನಿ ಮೂವರೂ ಎದುರುದಾರರು. ಡ್ರೈವರ್ ನೋಟಿಸು ಪಡೆದು ನಾಪತ್ತೆಯಾದ. ಕಂಪನಿಯ ತಕರಾರು ಎರಡು: ಡ್ರೈವರನ ಲೈಸೆನ್ಸಿನ ಅವಧಿ ಮುಗಿದಿತ್ತು, ಆದ್ದರಿಂದ ನಾವು ಹೊಣೆಯಲ್ಲ, ಅರ್ಜಿದಾರನಿಗೆ ಆದದ್ದು ಸಣ್ಣ ಗಾಯ, ಆದ್ದರಿಂದ ಯಾರೂ ಹೆಚ್ಚು ಕೊಡಬೇಕಿಲ್ಲ.

"ಲೈಸೆನ್ಸ್ ಇಲ್ಲದಿದ್ದದ್ದು ಅವರ ತಪ್ಪು, ತುಟಿ ಹರಿದದ್ದು ನಮ್ಮದಾ?" ಎಂದು ಟೈಲರಕ್ಕ ಸಿಡಿದಳು.

"ಅಲ್ಲ ಕಣಮ್ಮ," ಎಂದರು ವಕೀಲರಮ್ಮ. "ಮಾಲೀಕ ಗೊತ್ತಿದ್ದೂ ಪಾಲಿಸಿ ಷರತ್ತು ಮುರಿದಿದ್ದಾನೆ ಅಂತ ಕಂಪನಿಯೇ ಸಾಬೀತು ಮಾಡ್ಬೇಕು. ಮಾಡಿದ್ರೂ ರಸ್ತೇಲಿ ಹೋಗ್ತಿದ್ದೋನನ್ನ ಬರಿಗೈಲಿ ಕಳಿಸೋ ಹಾಗಿಲ್ಲ. ಮೊದಲು ನಿಮಗೆ ಕೊಡಿ, ಆಮೇಲೆ ಮಾಲೀಕನ ಹತ್ತಿರ ವಸೂಲಿ ಮಾಡ್ಕೊಳ್ಳಿ ಅಂತ ಮಂಡಳಿ ಹೇಳಬಹುದು. ನನಗೆ ಭಯ ಇರೋದು ಎರಡನೇದರ ಬಗ್ಗೆ."

ಭಯಕ್ಕೆ ಕಾರಣವಿತ್ತು. ಇಡೀ ದೇಹದ ಲೆಕ್ಕದಲ್ಲಿ ನ್ಯೂನತೆ ನೂರಕ್ಕೆ ಆರು ಎಂದು ವೈದ್ಯರು ಬರೆದಿದ್ದರು. ತುಟಿ ಎಷ್ಟಾದರೂ ದೇಹದ ಸಣ್ಣ ಭಾಗ ತಾನೇ.

ವಿಚಾರಣೆಯ ದಿನ ಮಂಡಳಿಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಬೆಂಚಿನ ತುಂಬ ಊರುಗೋಲು, ಬ್ಯಾಂಡೇಜು, ಎಕ್ಸ್‌ರೇ ಹಾಳೆಗಳು. ಮಾಲೀಕ ಇಸ್ತ್ರಿ ಅಂಗಿ ತೊಟ್ಟು ಕಂಪನಿ ವಕೀಲನ ಪಕ್ಕದಲ್ಲೇ ಕೂತು, ಬೀಗರ ಹಾಗೆ ಪಿಸುಗುಟ್ಟಿ ನಗುತ್ತಿದ್ದ. ತಾನೂ ಕಂಪನಿಯೂ ಒಂದೇ ಕಡೆ ಎಂದು ಅವನ ನಂಬಿಕೆ. ಕಂತು ಕಟ್ಟಿದ್ದು ಅವನೇ ಅಲ್ಲವೇ?

ಕಂಪನಿ ವಕೀಲ ಎದ್ದು ಅವನನ್ನು ಬಹಳ ಪ್ರೀತಿಯಿಂದ ಕೇಳಿದ: "ಡ್ರೈವರ್ ಲೈಸೆನ್ಸ್ ಮುಗಿದಿರೋದು ನಿಮಗೆ ಗೊತ್ತಿರಲಿಲ್ಲ ಅಲ್ವಾ?"

"ಗೊತ್ತಿಲ್ದೆ ಏನು ಸಾರ್?" ಮಾಲೀಕ ಎದೆಯುಬ್ಬಿಸಿದ. "ನನ್ನ ಕಣ್ತಪ್ಪಿಸಿ ಒಂದು ಹನಿ ನೀರೂ ಹೊರಗೆ ಹೋಗಲ್ಲ. ಎರಡು ವರ್ಷದಿಂದ ರಿನ್ಯೂ ಮಾಡಿಸಿಲ್ಲ ಅವನು. ಆದ್ರೆ ಓಡಿಸೋದರಲ್ಲಿ ಎತ್ತಿದ ಕೈ."

"ಬರಕೊಳ್ಳಿ" ಎಂದ ಕಂಪನಿ ವಕೀಲ ಅಷ್ಟೇ ಪ್ರೀತಿಯಿಂದ. ಮಾಲೀಕ ತಾನೇನೋ ಉಪಕಾರ ಮಾಡಿದೆನೆಂಬಂತೆ ಕೂತ.

ಆಮೇಲೆ ಕಂಪನಿಯ ಪತ್ತೇದಾರನೊಬ್ಬ ಸಾಕ್ಷಿಗೆ ಬಂದ. ಲ್ಯಾಪ್‌ಟಾಪ್ ತೆರೆದು ಒಂದು ವಿಡಿಯೋ ತೋರಿಸಿದ. ಹಾಸಿಗೆ ಅಂಗಡಿಯೊಂದರ ಉದ್ಘಾಟನೆ. ಕೆಂಪು ಕೋಟು, ಹೊಳೆಯುವ ಟ್ರಂಪೆಟ್, ಕೆನ್ನೆ ಚೆಂಡಿನಂತೆ ಉಬ್ಬಿಸಿಕೊಂಡು ಎಲ್ಲರಿಗಿಂತ ಮುಂದೆ ನಿಂತವನು ಪೋಂಪೋಂ!

ಟೈಲರಕ್ಕ ಪರದೆಯತ್ತ ಬಗ್ಗಿ ನೋಡಿದಳು. ಬ್ಯಾಂಡಿನಲ್ಲಿ ಡ್ರಮ್ಮು ಹೊರುವ ಕೆಲಸ ಸಿಕ್ಕಿದೆ ಎಂದು ಗಂಡ ಹೇಳಿದ್ದ. ಊದಲು ಬರುತ್ತಿದ್ದರೆ ಇಷ್ಟು ದಿನ ತನ್ನನ್ನು ಕೋರ್ಟಿಗೆ ಅಲೆಸಿದ್ದೇಕೆ? ಪಕ್ಕಕ್ಕೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ರೀ, ಇದೇನ್ರೀ?"

ಕಂಪನಿ ವಕೀಲ ಕೈ ಚಾಚಿ, "ಸ್ವಾಮಿ, ತುಟಿ ಸತ್ತಿದೆ ಅಂತ ಅರ್ಜಿ. ಸತ್ತ ತುಟಿಯ ಸಂಭ್ರಮ ನೋಡಿ" ಎಂದ. ಹಿಂದಿನ ಬೆಂಚಿನವರು ನಕ್ಕರು, ಪಕ್ಕೆಗೆ ಪಟ್ಟಿ ಕಟ್ಟಿಸಿಕೊಂಡವನೊಬ್ಬ ನೋವಿನಿಂದಲೇ ನಕ್ಕ.

ನ್ಯಾಯಾಧೀಶರು ನಗಲಿಲ್ಲ. "ಬ್ಯಾಂಡಿನ ವಿಡಿಯೋ ಅಂತೀರಿ, ಸದ್ದೇ ಇಲ್ವಲ್ಲ?"

"ಅದು... ಗಲಾಟೆ ಆಗುತ್ತೆ ಅಂತ ಕಮ್ಮಿ ಮಾಡಿದ್ವಿ, ಸ್ವಾಮಿ."

"ಜಾಸ್ತಿ ಮಾಡಿ."

ಸದ್ದು ಬಂತು. ಡ್ರಮ್ಮು ಧಡಧಡ, ತಾಳ ಝಣಝಣ, ಕ್ಲಾರಿಯೊನೆಟ್ ಕೀರಲು. ಟ್ರಂಪೆಟ್ಟಿನದು ಒಂದು ಸೊಲ್ಲೂ ಇಲ್ಲ. ಕೆನ್ನೆ ಉಬ್ಬುತ್ತಿತ್ತು, ಬೆರಳು ಕುಣಿಯುತ್ತಿತ್ತು, ಬಾಯಿಂದ ಏನೂ ಹೊರಡುತ್ತಿರಲಿಲ್ಲ.

ಆದಾಯದ ಸಾಕ್ಷಿಗೆಂದು ಬಂದಿದ್ದ ಬ್ಯಾಂಡ್ ಮೇಸ್ಟ್ರನ್ನು ವಕೀಲರಮ್ಮ ತಕ್ಷಣ ಕಟಕಟೆಗೆ ಹತ್ತಿಸಿದರು.

"ನಾನೇ ನಿಲ್ಲಿಸಿದ್ದು, ಸ್ವಾಮಿ," ಎಂದರು ಮೇಸ್ಟ್ರು. "ಮುಂದೆ ಹಿತ್ತಾಳೆ ಹೊಳೀದಿದ್ರೆ ಗಿರಾಕಿ ಇದು ಬ್ಯಾಂಡೇ ಅಲ್ಲ ಅಂತಾನೆ. ಕೇಳೋರು ಯಾರಿದ್ದಾರೆ, ಎಲ್ಲಾ ನೋಡೋರೇ. ಮೊದಲು ಇವನಿಗೆ ಮೇಳದಲ್ಲೇ ಜಾಸ್ತಿ ಕೂಲಿ. ಈಗ ಬೊಂಬೆ ಕೂಲಿ, ಕಾಲು ಭಾಗ."

ಪೋಂಪೋಂ ಎದ್ದು ನಿಂತ. ಕಟ್ಟಿಸಿದ ಹಲ್ಲಿನ ಸಂದಿನಿಂದ ಮಾತು ಸೋರಿತು. "ಮನೇಲಿ ಹೇಳೋಕೆ ನಾಚಿಕೆ ಆಯ್ತು, ಸ್ವಾಮಿ. ಡ್ರಮ್ ಹೊರ್ತೀನಿ ಅಂದ್ರೆ ಅದು ಕೆಲಸ. ಇದನ್ನ ಏನಂತ ಹೇಳಲಿ?"

ಟೈಲರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳಿಗೆ ಅಳುವೂ ಬಂತು, ಗಂಡನಿಗೆ ನಾಲ್ಕು ಬಾರಿಸಬೇಕೆಂದೂ ಅನ್ನಿಸಿತು. ಹೊರಗೆ ಬಂದಮೇಲೆ ಬಾರಿಸಲಿಲ್ಲ. ಅವನ ಕಾಲರು ಸರಿಮಾಡಿ, "ಕೆನ್ನೆ ಚೆನ್ನಾಗಿ ಉಬ್ಬಿಸ್ತೀರಿ, ನಾನೂ ಮೋಸ ಹೋದೆ" ಎಂದಳು. ಅಪಘಾತವಾದ ಮೇಲೆ ಮೊದಲ ಸಲ ಅವನು ಬಾಯಿ ಮುಚ್ಚಿಕೊಳ್ಳದೆ ನಕ್ಕ.

ತೀರ್ಪು ಮುಂದಿನ ತಿಂಗಳು ಬಂತು. ದೇಹದ ಲೆಕ್ಕದಲ್ಲಿ ಆರೇ ಇರಬಹುದು, ಆದರೆ ನೋಡಬೇಕಾದ್ದು ಆ ಗಾಯ ಈ ಮನುಷ್ಯನ ದುಡಿಮೆಯಲ್ಲಿ ಎಷ್ಟನ್ನು ಕಿತ್ತುಕೊಂಡಿತು ಎಂಬುದನ್ನು, ಎಂದು ನ್ಯಾಯಾಧೀಶರು ಬರೆದಿದ್ದರು. ತುಟಿ ಹೋದ ಗುಮಾಸ್ತ ಗುಮಾಸ್ತನೇ. ತುಟಿ ಹೋದ ಟ್ರಂಪೆಟ್‌ನವ ಟ್ರಂಪೆಟ್‌ನವನಲ್ಲ. ಬೇರೆ ಕೆಲಸ ಮಾಡಬಲ್ಲನಾದ್ದರಿಂದ ಪೂರ್ತಿ ನಷ್ಟ ಎನ್ನದೆ ಬಹುಪಾಲು ಎಂದು ಹಿಡಿದು, ವಯಸ್ಸಿಗೆ ತಕ್ಕಷ್ಟು ವರ್ಷಗಳಿಂದ ಗುಣಿಸಿ, ಚಿಕಿತ್ಸೆ, ನೋವು, ಬಡ್ಡಿ ಎಲ್ಲ ಸೇರಿಸಿದ್ದರು. ಲೈಸೆನ್ಸಿನ ಷರತ್ತು ಮುರಿದದ್ದು ಮಾಲೀಕನ ಬಾಯಿಂದಲೇ ಸಾಬೀತಾಗಿದೆ. ಆದರೂ ಕಂಪನಿ ಮೊದಲು ಹಣವನ್ನು ಮಂಡಳಿಯಲ್ಲಿ ಠೇವಣಿ ಇಡಬೇಕು, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು.

ಕೊನೆಯ ಸಾಲು ಮಾಲೀಕನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದಮೇಲೆ ಅವನು ಕಂಪನಿ ವಕೀಲನ ತೋಳು ಹಿಡಿದ. "ನಾವಿಬ್ರೂ ಒಂದೇ ಕಡೆ ಅಲ್ವಾ ಸಾರ್?" ವಕೀಲ ತೋಳು ಬಿಡಿಸಿಕೊಂಡು, ಕೋಟಿನ ಸುಕ್ಕು ತೀಡಿ, ಮುಂದಿನ ಕೇಸಿನ ಕಡತ ಬಿಚ್ಚಿದ.

ಕಂಪನಿ ಠೇವಣಿ ಇಟ್ಟಿತು. ಅದರಲ್ಲಿ ಒಂದು ಭಾಗ ಪೋಂಪೋಂನ ಕೈಸೇರಿತು, ಉಳಿದದ್ದನ್ನು ಮಂಡಳಿಯ ಆದೇಶದಂತೆ ಬ್ಯಾಂಕಿನಲ್ಲಿ ಅವನ ಹೆಸರಿಗೇ ಇಟ್ಟರು. ಅವನು ಬೊಂಬೆ ಕೆಲಸ ಬಿಟ್ಟು, ಮೇಸ್ಟ್ರ ಹತ್ತಿರ ದೊಡ್ಡ ಡ್ರಮ್ಮು ಕಲಿಯತೊಡಗಿದ.

ಕಂಪನಿಯ ವಸೂಲಿ ನೋಟಿಸು ಹಿಡಿದು ಮಾಲೀಕ ಒಂದು ಬೆಳಿಗ್ಗೆ ಟೈಲರಕ್ಕನ ಬಾಗಿಲಿಗೆ ಬಂದ. ಈ ಸಲ ಕಿತ್ತಳೆ ತಂದಿರಲಿಲ್ಲ. "ಅಕ್ಕಾ, ನೀವಾದ್ರೂ ಅವರಿಗೆ ಒಂದು ಮಾತು ಹೇಳಿ. ನನಗೆ ಏನೂ ಗೊತ್ತಿರಲಿಲ್ಲ ಅಂತ..."

ಹಿಂದಿನ ಕೋಣೆಯಲ್ಲಿ ಪೋಂಪೋಂ ಡ್ರಮ್ಮಿಗೆ ಮೊದಲ ಏಟು ಕೊಟ್ಟ. ಕಿಟಕಿಯ ಗಾಜು ಅದುರಿತು. ಟೈಲರಕ್ಕ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ, ಕಿವಿಯ ಹಿಂದೆ ಕೈಯಿಟ್ಟಳು.

"ಏನಂದ್ರಿ? ಜೋರಾಗಿ ಹೇಳಿ, ಕೇಳಿಸ್ತಿಲ್ಲ."