ವಿನಾಯಿತಿ ಬೇಡವೆಂದವನು

ಆಡಿಟರಕ್ಕನಿಗೆ ಮನುಷ್ಯರ ಬಗ್ಗೆ ಒಂದೇ ಒಂದು ವಿಷಯದಲ್ಲಿ ನೂರಕ್ಕೆ ನೂರು ಖಾತ್ರಿ ಇತ್ತು: ಆದಾಯ ಎಷ್ಟು ಎಂದು ಕೇಳಿದರೆ ಯಾರೂ ಪೂರ್ತಿ ಹೇಳುವುದಿಲ್ಲ. ತೆರಿಗೆ ಲೆಕ್ಕ ಬರೆದು ಬರೆದೇ ತಲೆಗೂದಲು ಬೆಳ್ಳಗಾದ ಹೆಂಗಸು ಅವಳು. ಅವಳ ಮೇಜಿನೆದುರು ಕುಳಿತು ಚಿನ್ನದಂಗಡಿಯವನು ಅತ್ತಿದ್ದಾನೆ, ಮೂರು ಕಟ್ಟಡದ ಯಜಮಾನ ತನಗೆ ಊಟಕ್ಕೂ ಕಷ್ಟ ಎಂದಿದ್ದಾನೆ. ಎಲ್ಲರ ಮಾತನ್ನೂ ತಲೆಯಾಡಿಸಿ ಕೇಳಿ, ಅವರು ಹೇಳಿದ ಮೊತ್ತಕ್ಕೆ ಮನಸ್ಸಿನಲ್ಲೇ ಒಂದಿಷ್ಟು ಸೇರಿಸಿಕೊಳ್ಳುವುದು ಅವಳಿಗೆ ಉಸಿರಾಟದಷ್ಟೇ ಸಲೀಸು.

ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋದಾಗ, ಖರ್ಚು ಹಂಚುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು. ಮಕ್ಕಳು ಮೂವರು, ಊರುಗಳೂ ಮೂರು. ಅಮ್ಮ ಇರುವುದು ಎರಡನೆಯವಳ ಮನೆಯಲ್ಲಿ; ಅವಳು ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರ್. ಮೂರನೆಯವನು ಪುಟ್ಟ. ನಲವತ್ತು ದಾಟಿ ಹಣೆ ಅಗಲವಾಗಿದ್ದರೂ ಅಕ್ಕಂದಿರಿಗೆ ಅವನು ಪುಟ್ಟನೇ. ದೂರದ ಊರಿನ ಪೀಠೋಪಕರಣದ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ.

ಭಾನುವಾರ ಮೂವರೂ ಫೋನಿನಲ್ಲಿ ಸೇರಿದರು. ಹಗಲು ನೋಡಿಕೊಳ್ಳುವ ಆಯಾಳ ಸಂಬಳ, ಕೈಕಾಲು ಆಡಿಸಲು ಬರುವ ಫಿಸಿಯೋಥೆರಪಿಯವರ ಶುಲ್ಕ, ಮಾತ್ರೆ, ಡೈಪರ್, ಡಾಕ್ಟರು ಮನೆಗೆ ಬಂದರೆ ಅದು ಬೇರೆ. ಅಕ್ಕ ಸಮಪಾಲು ಮಾಡಲಿಲ್ಲ. ಸಮಪಾಲು ಎನ್ನುವುದು ಉಳ್ಳವರಿಗೆ ಮಾತ್ರ ನ್ಯಾಯ ಎಂದು ಅವಳಿಗೆ ಗೊತ್ತಿತ್ತು. ಪ್ರತಿಯೊಬ್ಬರ ಆದಾಯದಲ್ಲಿ ಮನೆ ನಡೆಸಲು ಬೇಕಾದ್ದನ್ನು ಕಳೆದು, ಉಳಿದದ್ದರ ಪ್ರಮಾಣದಲ್ಲಿ ಹಂಚಿಕೆ. ಟೈಲರ್ ತಂಗಿ ಕೊಡುವ ಕೋಣೆ, ರಾತ್ರಿಯ ಆರೈಕೆ ಇವೇ ಅವಳ ಪಾಲು. ಅವಳು ದುಡ್ಡು ಹಾಕಬೇಕಿಲ್ಲ. ಜೊತೆಗೆ ಒಂದು ಮಿತಿ. ಅದಕ್ಕಿಂತ ಕಡಿಮೆ ದುಡಿಯುವವರಿಗೆ ಪೂರ್ತಿ ವಿನಾಯಿತಿ. ಈ ಮಿತಿಯನ್ನು ಅವಳು ಪುಟ್ಟನಿಗೋಸ್ಕರವೇ ಇಟ್ಟದ್ದು, ಇಟ್ಟು ಒಳಗೊಳಗೇ ಬೀಗಿದ್ದು.

"ಪುಟ್ಟ, ನೀನು ಮಿತಿಯೊಳಗೇ ಬರ್ತೀಯ ಕಣೋ. ನಿಂಗೆ ಏನೂ ಇಲ್ಲ. ಆರಾಮಾಗಿರು," ಅಂದಳು.

ಆ ಕಡೆಯಿಂದ ಪುಟ್ಟ ನಕ್ಕ. "ಅಯ್ಯೋ ದೊಡ್ಡಕ್ಕ, ನಿಮಗೆ ಹೇಳೋದೇ ಮರ್ತೋಗಿತ್ತು ನೋಡು. ನನ್ನನ್ನ ಸೂಪರ್‌ವೈಸರ್ ಮಾಡಿದಾರೆ. ಈಗ ಸಂಬಳ ಜಾಸ್ತಿ." ಎಂದು ಮಿತಿಯನ್ನು ಆರಾಮಾಗಿ ದಾಟುವ ಒಂದು ಮೊತ್ತ ಹೇಳಿದ.

ಆಡಿಟರಕ್ಕನಿಗೆ ಖುಷಿಯೂ ಆಯಿತು, ಹಳೆಯ ಚಾಳಿಯೂ ತಲೆಯೆತ್ತಿತು. ಇಷ್ಟು ಅಂತಾನೆ ಅಂದರೆ ಇನ್ನೂ ಒಂದಿಷ್ಟು ಮುಚ್ಚಿಟ್ಟಿರಬೇಕು ಕಳ್ಳ ಎಂದುಕೊಂಡಳು. ಅವನ ಪಾಲು ಬರೆದುಕೊಂಡಳು. ಪ್ರತಿ ತಿಂಗಳೂ ದುಡ್ಡು ತಪ್ಪದೆ ಬಂತು, ಅದೂ ಅವಳ ದುಡ್ಡಿಗಿಂತ ಮೊದಲು.

ವರ್ಷ ಕಳೆಯುತ್ತಾ ಬಂದಾಗ ಕಕ್ಷಿದಾರನೊಬ್ಬನ ಕೆಲಸದ ಮೇಲೆ ಅವಳು ಪುಟ್ಟನ ಊರಿಗೇ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು. ಹೇಳದೆ ಕೇಳದೆ ಹೋಗಿ ಸೂಪರ್‌ವೈಸರ್ ಸಾಹೇಬರನ್ನು ಬೆಚ್ಚಿಬೀಳಿಸೋಣ ಎಂದು ಅಂಗಡಿ ಹುಡುಕಿಕೊಂಡು ಹೊರಟಳು. ಸೇತುವೆಯ ಕೆಳಗಿನ ಬೀದಿ, ಎರಡೂ ಕಡೆ ಮಂಚ, ಬೀರು, ಕುರ್ಚಿಗಳು ಫುಟ್‌ಪಾತಿಗೇ ಬಂದು ಕುಳಿತಿದ್ದವು. ಅಂಗಡಿಯ ಮಾಲೀಕ ಗಿರಾಕಿ ಬಂದರೆಂದು ಎದ್ದು ನಿಂತ.

"ನಿಮ್ಮ ಸೂಪರ್‌ವೈಸರ್ ಇದಾರಾ?"

"ಸೂಪರ್‌ವೈಸರಾ? ನಮ್ಮಲ್ಲಿ ಅಂಥ ದೊಡ್ಡೋರು ಯಾರೂ ಇಲ್ಲಮ್ಮ. ನಾನು, ಒಬ್ಬ ಬಡಗಿ, ಒಬ್ಬ ಪಾಲಿಶ್‌ನೋನು. ಏನು ಬೇಕಿತ್ತು?"

ಅವಳ ಬಾಯಿಂದ ತಾನಾಗಿಯೇ ಬಂತು: "ಒಂದು ಮೇಜು."

ಮಾಲೀಕ ಮಾತಿನ ಮಲ್ಲ. ಮೇಜು ತೋರಿಸುತ್ತಾ ಹಿಂದಿನ ಶೆಡ್ಡಿನ ಬಾಗಿಲವರೆಗೂ ಕರೆದುಕೊಂಡು ಹೋದ. "ಪಾಲಿಶ್ ನೋಡಿ ಬನ್ನಿ. ಇವನಂಥ ಕೈ ಈ ಬೀದೀಲಿಲ್ಲ. ಪಾಪ, ದಿನಗೂಲಿ. ರೂಮು ಖಾಲಿ ಮಾಡಿ ಇಲ್ಲೇ ಮಲಗ್ತಾನೆ, ನಂಗೂ ಕಾವಲಾಯ್ತು. ಬೆಳಗಾಗೋಕೆ ಮುಂಚೆ ಹೋಗಿ ಮಾರ್ಕೆಟ್ಟಲ್ಲಿ ಲಾರಿ ಇಳಿಸಿ ಬರ್ತಾನೆ. ಅಷ್ಟೊಂದು ಯಾಕೋ ಅಂದ್ರೆ, ಮನೇಲಿ ಅಮ್ಮನಿಗೆ ಕಟ್ಟೋದಿದೆ ಅಂತಾನೆ."

ಶೆಡ್ಡಿನ ಒಳಗೆ ಸ್ಪಿರಿಟ್ಟಿನ ವಾಸನೆ ಕಣ್ಣಿಗೆ ಹೊಡೆಯುವಷ್ಟು ದಟ್ಟವಾಗಿತ್ತು. ಪುಟ್ಟ ಬಾಗಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು, ಬಟ್ಟೆಯ ಉಂಡೆಯಿಂದ ಮೇಜಿನ ಕಾಲೊಂದನ್ನು ಉಜ್ಜುತ್ತಿದ್ದ. ಮೂಲೆಯಲ್ಲಿ ಯಾರೋ ಖರೀದಿಸಬೇಕಾದ ಮಂಚದ ಪಕ್ಕ, ನೆಲದ ಮೇಲೆಯೇ, ಸುತ್ತಿಟ್ಟ ಹಾಸಿಗೆ. ಮಾರಾಟದ ಮಂಚದ ಮೇಲೆ ಮಲಗಿ ಅದು ಹಳೆಯದಾಗದಿರಲಿ ಎಂದಿರಬೇಕು. ಅವನು ನಡುನಡುವೆ ಕೆಮ್ಮುತ್ತಿದ್ದ, ಕೆಮ್ಮು ನಿಂತ ಮೇಲೆ ಕೈ ಮತ್ತೆ ಅದೇ ಲಯಕ್ಕೆ ಮರಳುತ್ತಿತ್ತು.

ಆಡಿಟರಕ್ಕ ಅಕ್ಷರಶಃ ಮೂಗಿನ ಮೇಲೆ ಬೆರಳಿಟ್ಟು ನಿಂತಳು. ಕರೆಯಲಿಲ್ಲ. ಕರೆದರೆ ಅವನು ತಿರುಗುತ್ತಾನೆ, ತಿರುಗಿದರೆ ಆ ಮುಖ ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖವಾಗುತ್ತದೆ. ಆ ಶಿಕ್ಷೆ ಅವನಿಗೆ ಬೇಡ ಅನ್ನಿಸಿತು. ಬೆಲೆ ಕೂಡ ಕೇಳದೆ ಬೀದಿಗೆ ಬಂದುಬಿಟ್ಟಳು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಾಗ ಅವಳಿಗೆ ಅಳುವಿಗಿಂತ ಹೆಚ್ಚಾಗಿ ಬೆರಗು. ಇಷ್ಟು ವರ್ಷ ಇಲ್ಲದ್ದನ್ನು ಹೇಳುವವರನ್ನಲ್ಲ, ಇದ್ದದ್ದನ್ನು ಮುಚ್ಚುವವರನ್ನೇ ಕಂಡಿದ್ದಳು. ಕೊಡುವುದು ತಪ್ಪಲಿ ಎಂದು ಸುಳ್ಳು ಹೇಳುವ ಲೋಕದಲ್ಲಿ, ಕೊಡುವುದು ತಪ್ಪಿಹೋದೀತು ಎಂದು ಹೆದರಿ ಸುಳ್ಳು ಹೇಳಿದವನು ತನ್ನ ಮನೆಯಲ್ಲೇ ಹುಟ್ಟಿ, ತನ್ನ ಸೊಂಟದ ಮೇಲೆಯೇ ಬೆಳೆದಿದ್ದ. ಅವನೆದುರು ತಾನು ಗುಬ್ಬಿಯಷ್ಟಾದಂತೆ ಅನ್ನಿಸಿತು. ಗುಬ್ಬಿಯಾದರೂ ಆಗಲಿ, ಆ ಶೆಡ್ಡಿನಿಂದ ಅವನನ್ನು ಹೊರಗೆ ತರಬೇಕು. ಎದೆ ಪೂರ್ತಿ ಕೆಡುವ ಮೊದಲು ತರಬೇಕು, ಅದೂ ಅವನ ತಲೆ ತಗ್ಗದ ಹಾಗೆ.

ಮುಂದಿನ ಭಾನುವಾರ ಅವಳು ತನ್ನ ಬದುಕಿನಲ್ಲೇ ಮೊದಲ ಸಲ ಆದಾಯದ ವಿಚಾರದಲ್ಲಿ ರೈಲು ಬಿಟ್ಟಳು.

"ಕೇಳ್ರೋ, ನಂಗೆ ದೊಡ್ಡ ಕಂಪನಿಯ ಕೆಲಸ ಸಿಕ್ಕಿದೆ. ಆದಾಯ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ನಮ್ಮ ಹಂಚಿಕೆ ಪ್ರಕಾರ ಇನ್ಮೇಲೆ ನನ್ನ ಪಾಲು ಜಾಸ್ತಿ, ಪುಟ್ಟಂದು ಅರ್ಧಕ್ಕಿಳಿಯತ್ತೆ."

"ಒಳ್ಳೇದಾಯ್ತು ಬಿಡಕ್ಕ," ಅಂದಳು ಟೈಲರ್ ತಂಗಿ, ಬಾಯಲ್ಲಿ ದಾರ ಕಚ್ಚಿಕೊಂಡೇ.

ಪುಟ್ಟ ಒಂದೇ ಒಂದು ಉಸಿರು ತೆಗೆದುಕೊಂಡ. "ಶಭಾಷ್ ದೊಡ್ಡಕ್ಕ! ಅಂದ ಹಾಗೆ ನಂಗೂ ಈ ತಿಂಗಳು ಸಂಬಳ ಏರ್ಸಿದಾರೆ. ನಂದೂ ಒಂದೂವರೆ ಪಟ್ಟು ಅಂತಲೇ ಬರ್ಕೋ."

ಆಡಿಟರಕ್ಕನಿಗೆ ನಗಬೇಕೋ, ಹಣೆ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇವನ ಜೊತೆ ಸುಳ್ಳಿನ ಪಂದ್ಯಕ್ಕೆ ಇಳಿದರೆ ಇವನು ಇನ್ನೊಂದು ಲಾರಿ ಇಳಿಸಿಯಾನೇ ಹೊರತು ಸೋಲುವವನಲ್ಲ. ಫೋನಿಟ್ಟವಳೇ ಅವನೊಬ್ಬನಿಗೇ ಮತ್ತೆ ಮಾಡಿದಳು.

"ಪುಟ್ಟ, ನಾನು ನಿನ್ನ ಅಂಗಡಿಗೆ ಬಂದಿದ್ದೆ."

ಆ ಕಡೆ ಪಾಲಿಶ್ ಉಜ್ಜುವ ಸದ್ದು ನಿಂತಿತು.

"ಮೇಜು ನೋಡೋಕೆ ಬಂದೋಳು ನೀನೇನಾ? ಯಾರೋ ಹೆಂಗಸು ಬೆಲೇನೂ ಕೇಳದೆ ಕಣ್ಣೊರೆಸ್ಕೊಂಡು ಹೋದ್ರು ಅಂತ ಸಾಹುಕಾರ್ರು ಅಂದ್ರು. ಪಾಲಿಶ್ ಚೆನ್ನಾಗಿಲ್ವೇನೋ ಅಂತ ಆ ಕಾಲನ್ನ ಇನ್ನೊಂದ್ಸಲ ಉಜ್ಜಿದೀನಿ ಕಣೇ ನಾನು."

"ಕನ್ನಡಿ ಹಾಗಿತ್ತು ಕಣೋ. ಯಾಕೋ ಹಿಂಗ್ಮಾಡ್ದೆ? ನಿಂಗೆ ವಿನಾಯಿತಿ ಅಂತ ನಾನೇ ಹೇಳಿರ್ಲಿಲ್ವಾ?"

"ಅದಕ್ಕೇ ಮಾಡಿದ್ದು." ಅವನ ದನಿ ಸಣ್ಣದಾಯಿತು. "ನೀನು ದುಡ್ಡು ಹಾಕ್ತೀಯ. ಚಿಕ್ಕಕ್ಕ ಮೈ ಮುರಿದು ಎತ್ತಿ ಇಳಿಸ್ತಾಳೆ. ನಂಗೆ ಏನೂ ಇಲ್ಲ, ಆರಾಮಾಗಿರು ಅಂದ್ಯಲ್ಲ, ಆವತ್ತು ಫೋನಿಟ್ಟು ಕೂತಾಗ, ಅಮ್ಮನಿಗೆ ಇಬ್ರೇ ಮಕ್ಕಳು ಅಂತ ಅನ್ನಿಸ್ಬಿಡ್ತು."

ಕರುಣೆ ಎಂದುಕೊಂಡು ಅವಳು ಎಳೆದ ಗೆರೆ ಅವನ ಎದೆಯ ಮೇಲೆಯೇ ಬಿದ್ದಿತ್ತು. ಕಾಯಿದೆಯಲ್ಲಿ ಮಿತಿ ಇರುತ್ತದೆಂದು ಮನೆಗೂ ಮಿತಿ ತಂದ ತನ್ನ ಎಡವಟ್ಟಿಗೆ ಅವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯನ್ನೂ ಮೀರಿ ನಿಂತದ್ದು ಅದೇ ಬೆರಗು. ಈ ಹುಡುಗ ಇಂಥದ್ದನ್ನು ಎದೆಯಲ್ಲಿಟ್ಟುಕೊಂಡು ತಿಂಗಳು ತಿಂಗಳೂ ನಗುನಗುತ್ತಾ ಮಾತಾಡಿದ್ದನಲ್ಲ!

"ತಪ್ಪು ನಂದು," ಅಂದಳು. "ಇವತ್ತಿಂದ ಮಿತಿ ರದ್ದು. ಯಾರಿಗೂ ವಿನಾಯಿತಿ ಇಲ್ಲ. ನಿಜವಾದ ಸಂಬಳ ಹೇಳು. ಲಾರಿ ದುಡ್ಡು ಬಿಟ್ಟು, ಮತ್ತೆ ರೂಮು ಹಿಡಿದ್ರೆ ಎಷ್ಟು ಬಾಡಿಗೆ ಅದೂ ಹೇಳು. ಈ ಸಲ ಸುಳ್ಳು ಹೇಳಿದ್ರೆ ಕಿವಿ ಹಿಂಡ್ತೀನಿ."

ಅವನು ಹೇಳಿದ. ಅವಳು ಮನಸ್ಸಿನಲ್ಲೇ ಬಾಡಿಗೆ ಕಳೆದಳು, ಊಟ ಕಳೆದಳು, ಉಳಿದದ್ದರಲ್ಲಿ ಅವನ ಪಾಲು ತೆಗೆದಳು. ಹಾಗಿದ್ದರೂ ಒಂದಿಷ್ಟು ಬಂತು. ಅಂಗೈಯಲ್ಲಿ ಹಿಡಿಯುವಷ್ಟು. ಆ ಮೊತ್ತವನ್ನು ಅವನಿಗೆ ಹೇಳಿದಳು.

"ಇಲ್ಲಿವರೆಗೆ ಹೆಚ್ಚಾಗಿ ಕೊಟ್ಟಿದ್ದನ್ನ ವಾಪಸ್ ಕಳಿಸ್ತೀನಿ."

"ವಾಪಸ್ ತಗೊಳ್ಳೋಕೆ ಅದೇನು ಕಾಲು ಅಲ್ಲಾಡೋ ಕುರ್ಚಿನಾ? ಅಮ್ಮನಿಗೆ ಕೊಟ್ಟಿದ್ದು ಅದು, ಆ ವಿಷಯ ಎತ್ತಬೇಡ," ಎಂದು ರೇಗಿದ. ಕೆಮ್ಮು ಬಂತು, ಕೆಮ್ಮಿ ಮುಗಿಸಿ, ಹಿಂಜರಿಯುತ್ತಾ ಕೇಳಿದ: "ಈಗ ಹೇಳಿದ್ಯಲ್ಲ ನನ್ನ ಪಾಲು, ಅಷ್ಟರಲ್ಲಿ ಅಮ್ಮನಿಗೆ ಏನು ಬರತ್ತೆ?"

ಆಡಿಟರಕ್ಕ ಖರ್ಚುಗಳನ್ನೆಲ್ಲ ಒಂದೊಂದಾಗಿ ನೆನೆದಳು. ಆಯಾಳ ಸಂಬಳಕ್ಕೆ ಅದು ಯಾವ ಮೂಲೆಗೂ ಸಾಲದು. ಮಾತ್ರೆಗೂ ಸಾಲದು. ಆಮೇಲೆ ಹೊಳೆಯಿತು.

"ಅಮ್ಮನ ಬೆನ್ನಿಗೆ ಹುಣ್ಣಾಗಬಾರ್ದು ಅಂತ ಗಾಳಿ ಹಾಸಿಗೆ ಹಾಕಿದೀವಲ್ಲ, ಅದಕ್ಕೊಂದು ಪುಟ್ಟ ಮೋಟರ್ ಇದೆ. ಸಾಲು ಸಾಲಾಗಿ ಗಾಳಿ ತುಂಬ್ತಾ, ಬಿಡ್ತಾ ಇರತ್ತೆ. ಅದರ ಕರೆಂಟಿಗೆ ಸರಿಯಾಗತ್ತೆ."

"ರಾತ್ರೀನೂ ಓಡತ್ತಾ?"

"ಹಗಲೂ ರಾತ್ರಿ. ನಿಲ್ಲಿಸೋ ಹಾಗೇ ಇಲ್ಲ."

ಆ ಕಡೆ ಪುಟ್ಟ ಮೂಗೆಳೆದದ್ದು ಕೇಳಿಸಿತು. ಅವನು ಮುಖ ಒರೆಸಿಕೊಳ್ಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಸ್ಪಿರಿಟ್ ಅಂಟಿದ ಕೈ ಕಣ್ಣಿಗೆ ತಗಲೀತು ಎಂದು ಹೇಳಬೇಕೆನ್ನಿಸಿತು, ಹೇಳಲಾಗಲಿಲ್ಲ. ಅವಳ ಕಣ್ಣೂ ಸರಿಯಿರಲಿಲ್ಲ.

ಕೊನೆಗೆ ಅವನು ಗಂಟಲು ಸರಿಮಾಡಿಕೊಂಡು, ಮನೆಯ ಯಜಮಾನನ ದನಿಯಲ್ಲಿ ಅಂದ: "ಕರೆಂಟಿನ ದರ ಏರಿದ್ರೆ ನಂಗೇ ಹೇಳ್ಬೇಕು ದೊಡ್ಡಕ್ಕ. ನೀವಿಬ್ರೇ ಹಂಚ್ಕೊಂಡ್ರೆ ನಾನು ಸುಮ್ನಿರಲ್ಲ."