ಗುಂಯ್ ಅನ್ನದ ರೇಡಿಯೋ

ಕಿಕ್ಕೇರಿ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುವ ನಿಂಗರಾಜುವಿಗೆ ಅಂದು ಬೆಳಿಗ್ಗೆಯೇ ಸಾಕುಸಾಕಾಗಿತ್ತು. ಲೈನ್ ಕೆಲಸವೆಂದು ಊರಿಗೇ ಕರೆಂಟಿಲ್ಲ. ಸೆಖೆ, ಮೇಲೆ ಸೊಂಟನೋವು. ಆಗಲೇ ಎರಡು ರೇಡಿಯೋಗಳನ್ನು ಬೆರಳಿಂದ ಮುಟ್ಟಿ ನೋಡಿ, ಸದ್ದೇ ಬರದ್ದರಿಂದ ಇನ್ನು ಉಳಿಯೋದಿಲ್ಲವೆಂದು ಗುಜರಿ ಚೀಲಕ್ಕೆ ತುಂಬಿದ್ದ.

ಮೂರನೆಯದು ಕಣ್ಣು ಕಾಣದ ಚಿಕ್ಕಬೋರಮ್ಮನದು. ಹೊತ್ತು ಎಷ್ಟಾಯಿತೆಂದು ಮುದುಕಿಗೆ ತಿಳಿಯುತ್ತಿದ್ದುದೇ ಆ ಸೆಲ್ ರೇಡಿಯೋದಿಂದ. ಅದು ಬಾಯಿ ಮುಚ್ಚಿದ ಮೇಲೆ ಹಗಲು ರಾತ್ರಿ ಎರಡೂ ಅವಳಿಗೆ ಒಂದೇ ಆಗಿಬಿಟ್ಟಿತ್ತು. ನಿಂಗರಾಜು ಹೊಸ ಸೆಲ್ ಹಾಕಿ, ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಬೆರಳು ತಾಗಿಸಿಕೊಂಡು ವಾಲ್ಯೂಮ್ ತಿರುಗಣೆಯ ಮೂರು ತಂತಿಗಾಲುಗಳಲ್ಲಿ ನಡುವಿನದನ್ನು ಮುಟ್ಟಿದ. ಜೀವ ಇದ್ದರೆ ರೇಡಿಯೋ ಗುಂಯ್ ಅನ್ನಬೇಕಿತ್ತು. ಅನ್ನಲಿಲ್ಲ.

“ಸದ್ದು ದೊಡ್ಡದು ಮಾಡೋ ಐಸಿನೇ ಓಗ್ಬುಟ್ಟದೆ ಕಣಮ್ಮ. ಈಗ ಎಲ್ಲೂ ಸಿಕ್ಕಾಕಿಲ್ಲ. ಗುಜರಿಗೆ ಆಕ್ಬುಡಿ.”

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವನಿಗೆ ಪಾಪ ಅನ್ನಿಸಿತು. ಪಾಪ ಅಂದರೆ ಐಸಿ ಹುಟ್ಟುತ್ತದೆಯೇ?

“ಮುಟ್ಟುದ್ರೆ ರೇಡಿಯೋ ಯಾಕೆ ಗುಂಯ್ ಅಂತದೆ ಮಾವ?” ಅಂದಳು ಮುದುಕಿಯ ಪಕ್ಕದಲ್ಲಿದ್ದ ಮೊಮ್ಮಗಳು ಅನು. ಬಂದಾಗಿನಿಂದ ತಲೆ ತಿನ್ನುತ್ತಿದ್ದ ಹುಡುಗಿ. ಹೇಳದಿದ್ದರೆ ಬಿಡುವವಳಲ್ಲ.

“ಗ್ವಾಡೆ ವೈರಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಅತ್ತಿಂದಿತ್ತ ಆಡ್ತಾ ಇರ್ತದೆ. ನಾವು ವೈರು ಮುಟ್ಟದಿದ್ರೂ ಅದು ಒಂಚೂರು ನಮ್ ಮೈಗೆ ತಾಕ್ತಿರ್ತದೆ, ನಮಗೆ ಗೊತ್ತಾಗಾಕಿಲ್ಲ. ಇಲ್ಲಿ ಬೆರಳಿಟ್ರೆ ರೇಡಿಯೋ ಒಳಕ್ಕೋಯ್ತದೆ. ರೇಡಿಯೋಗೆ ಸಿನಿಮಾ ಆಡೂ ಒಂದೇ, ಈ ಕರೆಂಟೂ ಒಂದೇ. ದೊಡ್ಡದು ಮಾಡಿ ಕೇಳುಸ್ತದೆ.”

“ಅದ್ಕೇ ನಿನ್ನೆ ಮನೇಲಿ ಇದು ಗುಂಯ್ ಅಂದಿದ್ದು. ಬೆನ್ನಿನ ಮುಚ್ಚಳ ಬಿದ್ದೋಗಿತ್ತು, ನಾ ಬೆರಳಾಕ್ದೆ.” ಅನು ಮೇಲೆ ನೋಡಿದಳು. “ಈಗ ಕರೆಂಟೇ ಇಲ್ವಲ್ಲ ಮಾವ. ಈಗೆಂಗೆ ಅಂದಾದು?”

ನಿಂಗರಾಜು ನಿಂತ ಫ್ಯಾನನ್ನು ನೋಡಿದ. ಮುಖ ಬಿಸಿಯಾಯಿತು. ಊರಿಗೇ ಕರೆಂಟಿಲ್ಲದಾಗ ಗುಂಯ್ ಅನ್ನಲಿಲ್ಲವೆಂದು ರೇಡಿಯೋವನ್ನೇ ಸಾಯಿಸಿದ್ದ. ನಿನ್ನೆ ಗುಂಯ್ ಅಂದಿದ್ದರೆ ವಾಲ್ಯೂಮಿನಿಂದ ಸ್ಪೀಕರಿನವರೆಗೂ ಜೀವ ಇದೆ. ಕೆಟ್ಟಿರುವುದು ಅದಕ್ಕಿಂತ ಮೊದಲು. ಕನ್ನಡಕ ಏರಿಸಿ ಹುಡುಕಿದ. ಸ್ಟೇಷನ್ ಹಿಡಿಯುವ ಕಪ್ಪು ಕಡ್ಡಿಗೆ ಸುತ್ತಿದ್ದ ಕೂದಲೆಳೆಯಂಥ ತಂತಿ ಬುಡದಲ್ಲಿ ಕಿತ್ತುಹೋಗಿತ್ತು.

“ನಾನೇ ತಪ್ಪು ನೋಡ್ಬುಟ್ಟೆ ಕಣಮ್ಮ. ಬೆಸುಗೆಗೂ ಕರೆಂಟು ಬೇಕು. ಇರ್ತೀರಾ?”

“ಇರ್ತೀವಿ ಕಣಪ್ಪ. ನಂಗೇನು ಕೆಲ್ಸ.”

ಮಧ್ಯಾಹ್ನ ಇಳಿದ ಮೇಲೆ ಫ್ಯಾನು ತಿರುಗಿತು. ಮೊದಲು ಅನುವಿನ ಬೆರಳನ್ನೇ ಇಡಿಸಿದ. ರೇಡಿಯೋ ಗುಂಯ್ ಅಂದಿತು, ಹುಡುಗಿ ನಕ್ಕಳು. ತಂತಿಗೆ ಬೆಸುಗೆ ಬಿದ್ದದ್ದೇ ತಡ, ಆಕಾಶವಾಣಿಯ ದನಿ ಹೊತ್ತು ಹೇಳಿತು. ಚಿಕ್ಕಬೋರಮ್ಮ ಎದ್ದು ನಿಂತಳು.

“ಮೂರಾಯ್ತಂತೆ. ನಡಿ ಮಗ, ಬಸ್ಸು ಬತ್ತದೆ.”

ಅವರು ಹೋದ ಮೇಲೆ ಬಾಗಿಲು ಹಾಕಿ ಮಲಗೋಣವೆಂದುಕೊಂಡಿದ್ದ ನಿಂಗರಾಜು. ಸೊಂಟ ಹಿಡಿದುಕೊಂಡು ಬಗ್ಗಿ, ಬೆಳಿಗ್ಗೆಯ ಆ ಎರಡು ರೇಡಿಯೋಗಳಿದ್ದ ಗುಜರಿ ಚೀಲದ ಗಂಟು ಬಿಚ್ಚಿದ.